ಕೇಸ್ ಶೀಟಿನ ಒಂದು ಸಾಲು ಮತ್ತು ಹನ್ನೆರಡು ಲಕ್ಷದ ವಿಮೆ

ನನ್ನ ತಂಗಿಯನ್ನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡ ಕಬ್ಬು ಬೆಳೆಯುವ ರೈತರಾಗಿದ್ದರು. 2022ರ ಮಾರ್ಚ್‌ನಲ್ಲಿ ಹನ್ನೆರಡು ಲಕ್ಷ ರೂಪಾಯಿಯ ಜೀವವಿಮೆ ಮಾಡಿಸಿ, 2023ರ ನವೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕ್ಲೇಮ್ ಅರ್ಜಿ ಕೊಟ್ಟ ಮೇಲೆ ಕಂಪನಿಯ ಕಡೆಯಿಂದ ಒಬ್ಬ ತನಿಖೆಗಾರ ಮನೆಗೆ ಬಂದು ಹೋದ. 2024ರ ಏಪ್ರಿಲ್‌ನಲ್ಲಿ ಪತ್ರ ಬಂತು: ಮೃತರಿಗೆ ಪಾಲಿಸಿಗಿಂತ ಮೊದಲೇ ಮಧುಮೇಹವಿತ್ತು, ವಿಮೆಗಾಗಿ ತುಂಬಿಕೊಟ್ಟ ಅರ್ಜಿಯಾದ ಪ್ರಸ್ತಾವನೆಯಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಕಟ್ಟಿದ್ದ ಕಂತಿನ ಹಣವನ್ನು ಹಿಂದಿರುಗಿಸುವ ಮಾತೂ ಅದರಲ್ಲಿರಲಿಲ್ಲ.

ಇಂಥ ಪತ್ರ ಕೈಗೆ ಬಂದಾಗ ನಮ್ಮ ಕಡೆಯ ಮನೆಗಳಲ್ಲಿ ಎರಡರಲ್ಲಿ ಒಂದು ಆಗುತ್ತದೆ. ದೈವ ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಏಜೆಂಟನ ಮನೆಯ ಮುಂದೆ ಹೋಗಿ ಜಗಳ ತೆಗೆಯುತ್ತಾರೆ. ನಾವೂ ಎರಡನೆಯದನ್ನು ಮಾಡಿ ಒಂದು ವಾರ ಹಾಳುಮಾಡಿಕೊಂಡೆವು. ಅದರ ನಂತರವೇ ಪತ್ರವನ್ನು ಸರಿಯಾಗಿ ಓದಲು ಕೂತದ್ದು.

ಮೊದಲು ನೋಡಬೇಕಾದದ್ದು ದಿನಾಂಕ. 1938ರ ವಿಮಾ ಕಾಯ್ದೆಯ 45ನೇ ಕಲಮನ್ನು 2015ರಲ್ಲಿ ತಿದ್ದಿದ ಮೇಲೆ, ಪಾಲಿಸಿ ಮೂರು ವರ್ಷ ದಾಟಿದ್ದರೆ ಕಾಯಿಲೆ ಮುಚ್ಚಿಟ್ಟರೆಂದಾಗಲಿ ವಂಚನೆಯೆಂದಾಗಲಿ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ನಮ್ಮದು ಇಪ್ಪತ್ತೇ ತಿಂಗಳ ಪಾಲಿಸಿಯಾದ್ದರಿಂದ ಆ ರಕ್ಷಣೆ ನಮಗಿರಲಿಲ್ಲ. ಆದರೆ ಮೂರು ವರ್ಷದೊಳಗೂ ಕಂಪನಿಗೆ ಪೂರ್ತಿ ಸ್ವಾತಂತ್ರ್ಯವಿಲ್ಲ. ತಿರಸ್ಕಾರಕ್ಕೆ ಕಾರಣವೇನು, ಯಾವ ದಾಖಲೆಯ ಆಧಾರದ ಮೇಲೆ ಎಂಬುದನ್ನು ಅದು ಲಿಖಿತವಾಗಿ ತಿಳಿಸಬೇಕು. ವಂಚನೆಯ ಆರೋಪ ಹೊರಿಸದೆ ಬರೀ ಸಂಗತಿ ಮುಚ್ಚಿಟ್ಟಿದ್ದಾರೆ ಎಂದು ಹೇಳುವುದಾದರೆ, ಅಲ್ಲಿಯವರೆಗೆ ಕಟ್ಟಿಸಿಕೊಂಡ ಕಂತುಗಳನ್ನು ತೊಂಬತ್ತು ದಿನಗಳಲ್ಲಿ ಮರಳಿ ಕೊಡಬೇಕು. ಆ ಸಂಗತಿ ಗೊತ್ತಿದ್ದರೆ ತಾನು ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸುವ ಹೊಣೆಯೂ ಕಂಪನಿಯದೇ. ಆದರೆ ವಂಚನೆ ಎಂಬ ಪದವನ್ನು ಕಂಪನಿ ಬಳಸಿದರೆ ಹೊರೆ ತಿರುಗುತ್ತದೆ. ಪಾಲಿಸಿದಾರ ಬದುಕಿಲ್ಲದಿದ್ದಾಗ ಅದು ವಂಚನೆಯಲ್ಲವೆಂದು ಕುಟುಂಬವೇ ತೋರಿಸಬೇಕಾಗುತ್ತದೆ. ನಮ್ಮ ಪತ್ರದಲ್ಲಿ ಎರಡು ಪದಗಳೂ ಒಂದೇ ವಾಕ್ಯದಲ್ಲಿದ್ದವು, ಬಹುಶಃ ಬರೆದವರಿಗೂ ವ್ಯತ್ಯಾಸ ಬೇಕಾಗಿರಲಿಲ್ಲ. ಆದ್ದರಿಂದ ನಮ್ಮ ಮೊದಲ ಉತ್ತರದಲ್ಲೇ ಎರಡರಲ್ಲಿ ಯಾವುದು ಎಂದು ಕೇಳಿದೆವು. ಪ್ರಸ್ತಾವನೆಯ ಪ್ರತಿ, ತನಿಖಾ ವರದಿ ಮತ್ತು ಆಧಾರವಾಗಿ ಬಳಸಿದ ಆಸ್ಪತ್ರೆಯ ಕಾಗದ ಕೊಡಿ ಎಂದೂ ಬರೆದೆವು.

ಆಧಾರವೆಂದರೆ ಒಂದೇ ಸಾಲು. ಎದೆನೋವು ಕಾಣಿಸಿಕೊಂಡ ರಾತ್ರಿ ಅವರನ್ನು ಬೆಳಗಾವಿಯ ಒಂದು ಆಸ್ಪತ್ರೆಗೆ ಸೇರಿಸಿದಾಗ ಕೇಸ್ ಶೀಟಿನಲ್ಲಿ ‘ಮೂರು ವರ್ಷದಿಂದ ಮಧುಮೇಹಿ’ ಎಂದು ಬರೆದಿದ್ದರು. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ತೆಗೆಸಿದೆವು. ಆ ಸಾಲಿನ ಪಕ್ಕದಲ್ಲೇ ಮಾಹಿತಿ ಕೊಟ್ಟವರ ಹೆಸರಿತ್ತು. ಅವನು ನನ್ನ ಭಾವನವರ ಅಣ್ಣನ ಮಗ; ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವವನು, ಹಬ್ಬಕ್ಕೆ ಊರಿಗೆ ಬಂದಿದ್ದವನು, ಆ ರಾತ್ರಿ ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋದವನು. ಡಾಕ್ಟರು ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಕೇಳಿದ್ದಾರೆ, ಇವನು ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದಾನೆ. ರೋಗಿಯ ಕಡೆಯವರು ಹೇಳಿದ್ದನ್ನು ಬರೆದುಕೊಂಡ ಇಂಥ ಟಿಪ್ಪಣಿಯನ್ನು, ಬೇರೆ ಚಿಕಿತ್ಸಾ ದಾಖಲೆಯ ಬೆಂಬಲವಿಲ್ಲದೆ, ಪುರಾವೆಯಾಗಿ ಒಪ್ಪಲಾಗದು ಎಂದು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ಹೇಳಿವೆ.

ಆದರೆ ಅದು ಪುರಾವೆಯಲ್ಲ ಎಂದರೆ ಸಾಲದು, ನಿಜ ಏನಿತ್ತು ಎಂದೂ ತೋರಿಸಬೇಕಿತ್ತು. ತಂಗಿ ಹೇಳಿದ್ದು ಇಷ್ಟು: “ಅಣ್ಣಾ, ಅವರು ಸಕ್ಕರಿ ಗುಳಿಗಿ ತಗೋತಿದ್ದದ್ದು ಖರೇ ಐತಿ. ಆದ್ರ ಅದು ಪಾಲಿಸಿ ಮಾಡಿಸಿದ ಮ್ಯಾಲ.” ಮನೆಯ ಟ್ರಂಕ್ ಹುಡುಕಿದೆವು. ಕಬ್ಬಿನ ಬಿಲ್ಲುಗಳ ಕಟ್ಟಿನೊಳಗೆ ಎರಡು ಕಾಗದ ಸಿಕ್ಕವು. ಒಂದು, 2021ರ ಡಿಸೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆಯ ಆರೋಗ್ಯ ಶಿಬಿರದಲ್ಲಿ ಕೊಟ್ಟ ಚೀಟಿ. ಖಾಲಿ ಹೊಟ್ಟೆಯ ಸಕ್ಕರೆ 94 ಎಂದಿತ್ತು, ಅಂದರೆ ಸಹಜ ಮಟ್ಟ. ಇನ್ನೊಂದು, 2022ರ ಆಗಸ್ಟ್‌ನಲ್ಲಿ ಮುಧೋಳದ ಡಾಕ್ಟರು ಮೊದಲ ಬಾರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಬರೆದ ಚೀಟಿ. ಕಾಯಿಲೆ ಪತ್ತೆಯಾದದ್ದು ಪಾಲಿಸಿಯ ಐದು ತಿಂಗಳ ನಂತರ ಎಂದಾಯಿತು. ಪಾಲಿಸಿ ಜಾರಿಯಾದ ಮೇಲೆ ಕಾಣಿಸಿಕೊಂಡ ಕಾಯಿಲೆಯನ್ನು ಪ್ರಸ್ತಾವನೆಯಲ್ಲಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅದೇ ಡಾಕ್ಟರರಿಂದ ಮೊದಲ ಪತ್ತೆಯ ದಿನಾಂಕ ನಮೂದಿಸಿದ ಒಂದು ಪತ್ರವನ್ನೂ ಪಡೆದೆವು.

ಊರಿನವರು ಹೇಳುವ ಎರಡು ವಾದಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಸತ್ತದ್ದು ಹೃದಯಾಘಾತದಿಂದ, ಸಕ್ಕರೆ ಕಾಯಿಲೆಯಿಂದಲ್ಲವಲ್ಲ ಎಂಬುದು ಒಂದು. 2015ರಲ್ಲಿ ಸುಪ್ರೀಂ ಕೋರ್ಟ್ ಬೆನ್ನುಮೂಳೆಯ ತೊಂದರೆ ಹೇಳದಿದ್ದ, ಆದರೆ ಹೃದಯದ ಕಾಯಿಲೆಯಿಂದ ತೀರಿಕೊಂಡ ಒಬ್ಬರ ಕುಟುಂಬಕ್ಕೆ ಹಣ ಕೊಡಿಸಿದ್ದು ನಿಜ. ಆದರೆ ಪ್ರಸ್ತಾವನೆಗೆ ಸ್ವಲ್ಪ ಮೊದಲಷ್ಟೇ ಹೊಟ್ಟೆಯ ಕಾಯಿಲೆಗೆ ಚಿಕಿತ್ಸೆ ಪಡೆದು ಅದನ್ನು ಮುಚ್ಚಿಟ್ಟ ಪ್ರಕರಣದಲ್ಲಿ ಅದೇ ನ್ಯಾಯಾಲಯ 2020ರಲ್ಲಿ ವಿಮಾ ಕಂಪನಿಯ ನಿಲುವನ್ನು ಎತ್ತಿ ಹಿಡಿಯಿತು. ಹೀಗಾಗಿ ಈ ಒಂದೇ ವಾದಕ್ಕೆ ಜೋತುಬೀಳಬಾರದು. ಎರಡನೆಯದು, ಫಾರ್ಮ್ ತುಂಬಿದ್ದು ಏಜೆಂಟ್ ಎಂಬುದು. ಒಪ್ಪಂದ ಮಾಡಿಸಿದವನನ್ನು ಕಂಪನಿಯ ಏಜೆಂಟ್ ಎಂದೇ 45ನೇ ಕಲಮು ಪರಿಗಣಿಸುತ್ತದೆ. ಇಂಗ್ಲಿಷ್ ಫಾರ್ಮಿಗೆ ಕನ್ನಡದಲ್ಲಿ ಸಹಿ ಮಾಡಿದ್ದರೆ, ಅದರ ವಿವರವನ್ನು ಓದಿ ಹೇಳಿದ್ದೇನೆಂಬ ಘೋಷಣೆಯಲ್ಲಿ ಯಾರ ಸಹಿಯಿದೆ ಎಂದೂ ನೋಡಬೇಕು. ಆದರೂ ಸಹಿ ಮಾಡಿದವನು ಅದಕ್ಕೆ ಬದ್ಧ ಎಂಬ ಮಾತನ್ನು ನ್ಯಾಯಾಲಯಗಳು ಸುಲಭವಾಗಿ ಬಿಡುವುದಿಲ್ಲ. ನಾವು ಇದನ್ನು ಕೊನೆಯ ಪ್ಯಾರಾದಲ್ಲಿ ಸೇರಿಸಿದೆವು, ಅಷ್ಟೇ. 2022ರ ಮಾರ್ಚ್‌ಗಿಂತ ಹಿಂದಿನ ಒಂದೇ ಒಂದು ಔಷಧಿ ಚೀಟಿ ಕಂಪನಿಗೆ ಸಿಕ್ಕಿದ್ದರೂ ನಾವು ಕಂತಿನ ಹಣಕ್ಕಷ್ಟೇ ಹೋರಾಡಬೇಕಾಗುತ್ತಿತ್ತು.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಒಂದು ತಿಂಗಳು ಕಾದೆವು, ಉತ್ತರ ಬರಲಿಲ್ಲ. ನಂತರ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಐವತ್ತು ಲಕ್ಷದವರೆಗಿನ ಪರಿಹಾರದ ದೂರುಗಳನ್ನು ಅಲ್ಲಿ ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರ ಪ್ರವೇಶವಿಲ್ಲ, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ವಿಚಾರಣೆ ವಿಡಿಯೊ ಮೂಲಕ ನಡೆಯಿತು. ನನ್ನ ತಂಗಿ ಬಾಗಲಕೋಟೆಯಲ್ಲಿ ನನ್ನ ಮನೆಯ ಅಡಿಗೆಮನೆಯ ಮೇಜಿಗೆ ಕೂತು, ಎರಡು ಚೀಟಿಗಳನ್ನು ಒಂದಾದ ಮೇಲೊಂದು ಕ್ಯಾಮೆರಾದ ಮುಂದೆ ಹಿಡಿದಳು. ಕಂಪನಿಯ ಪ್ರತಿನಿಧಿಯ ಬಳಿ ಕೇಸ್ ಶೀಟಿನ ಆ ಸಾಲನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ನಮ್ಮ ಪರವಾಗಿ ಆದೇಶ ಬಂತು, ಹಣವೂ ಬಂತು. ಆದೇಶಕ್ಕೆ ಕಂಪನಿ ಬದ್ಧ, ನಾವಲ್ಲ. ವ್ಯತಿರಿಕ್ತವಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಅಲ್ಲಿಗೆ ಎರಡು ವರ್ಷದ ಗಡುವಿದೆ. ಮೊದಲೇ ಆಯೋಗಕ್ಕೆ ಹೋದವರ ದೂರನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಈ ಕ್ರಮವೇ ನನಗೆ ಸರಿ ಕಾಣುತ್ತದೆ.

ಈ ಸುದ್ದಿ ಕೇಳಿ ಪಕ್ಕದ ಓಣಿಯ ಒಬ್ಬ ಹೆಣ್ಣುಮಗಳು ತನ್ನ ಕಾಗದಗಳನ್ನು ತಂದಿದ್ದಾಳೆ. ಪಾಲಿಸಿ 2019ರದು, ಮೂರು ವರ್ಷ ಯಾವಾಗಲೋ ದಾಟಿದೆ ಎಂದು ನಾನು ಮೊದಲು ಹಗುರಾಗಿದ್ದೆ. ಆದರೆ ಕಂತು ತಪ್ಪಿ ಪಾಲಿಸಿ ನಿಂತು, 2023ರಲ್ಲಿ ಮತ್ತೆ ಚಾಲೂ ಮಾಡಿಸಿದ್ದಾರೆ, ಮೂರು ವರ್ಷದ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಅಂದು ಆಕೆಯ ಗಂಡ ಸಹಿ ಮಾಡಿದ ಆರೋಗ್ಯ ಘೋಷಣೆಯ ಪ್ರತಿಯನ್ನು ಕಂಪನಿಯಿಂದ ಕೇಳಿದ್ದೇವೆ, ಇನ್ನೂ ಬಂದಿಲ್ಲ.