ಕರೆಂಟ್ ಹೋಯಿತು, ಗಮನಿಸಿದೆ

ಮಂಗಳೂರಿನ ಮಳೆಗಾಲದಲ್ಲಿ ಕರೆಂಟ್ ಹೋದದ್ದನ್ನು ಯಾರೂ ಹೇಳಬೇಕಾಗಿಲ್ಲ. ಫ್ಯಾನ್ ನಿಂತರೆ ಗೊತ್ತಾಗುತ್ತದೆ. ಆದರೂ ಬಿಜೈಯಲ್ಲಿರುವ ನಮ್ಮ ಆಫೀಸಿನ ಯುಪಿಎಸ್ ಬ್ಯಾಟರಿಗೆ ಬಂದರೆ ಸ್ಲ್ಯಾಕ್ ಚಾನೆಲ್‌ಗೆ ಸುದ್ದಿ ಹೋಗುವಂತೆ ನಮ್ಮ ಹುಡುಗನೊಬ್ಬ ವೆಬ್‌ಹುಕ್ ಹಾಕಿದ್ದಾನೆ. ಒಂದು ವಿಳಾಸ ಸಿಗುತ್ತದೆ, ಅದಕ್ಕೆ ಪಠ್ಯ ಕಳಿಸಿದರೆ ಚಾನೆಲ್‌ನಲ್ಲಿ ಬಂದು ಬೀಳುತ್ತದೆ, ಅಷ್ಟೇ.

```
curl -X POST -H 'Content-type: application/json' \
  --data '{"text":"<!channel> ಯುಪಿಎಸ್ ಬ್ಯಾಟರಿಯಲ್ಲಿದೆ"}' "$WEBHOOK_URL"
```

ಬರೀ @channel ಎಂದು ಬರೆದಿದ್ದರೆ ಅದು ಸುಮ್ನೆ ಅಕ್ಷರವಾಗಿ ಬೀಳುತ್ತಿತ್ತು, ಯಾರ ಫೋನೂ ಕೂಗುತ್ತಿರಲಿಲ್ಲ. ಪುಣ್ಯಾತ್ಮ ಸರಿಯಾದ ರೂಪವನ್ನೇ ಹುಡುಕಿ ಹಾಕಿದ್ದಾನೆ.

ನಿನ್ನೆ ರಾತ್ರಿ ಗಂಜಿಗೆ ಕೂತಾಗ ಶುರುವಾಯಿತು. ಸ್ಕ್ರಿಪ್ಟನ್ನು ಕ್ರಾನ್ ನಿಮಿಷಕ್ಕೊಮ್ಮೆ ಓಡಿಸುತ್ತದೆ. ಬ್ಯಾಟರಿಯಲ್ಲಿದೆಯಾ? ಹೌದು. ಹಾಗಾದರೆ ಹೇಳು. ಹಿಂದಿನ ನಿಮಿಷ ಹೇಳಿದ್ದು ಅದಕ್ಕೆ ನೆನಪಿಲ್ಲ. ಅರ್ಧ ಗಂಟೆ ಕರೆಂಟ್ ಇಲ್ಲದಿದ್ದರೆ ಮೂವತ್ತು ಸಂದೇಶ.

ಅಷ್ಟಾದರೂ ಸಹಿಸಬಹುದಿತ್ತು. ಅಕೌಂಟ್ಸಿನ ಹಿರಿಯರೊಬ್ಬರಿದ್ದಾರೆ, ಯಾವ ಸಂದೇಶಕ್ಕೂ ಉತ್ತರ ಕೊಡದೆ ಬಿಡುವವರಲ್ಲ. "ಆಯಿತು, ಗಮನಿಸಿದೆ." ಮತ್ತೊಂದು ಬಂತು. "ಗೊತ್ತಾಯಿತು ಮಾರಾಯ್ರೆ." ಮತ್ತೊಂದು. "ಲೈನ್‌ಮ್ಯಾನಿಗೆ ಫೋನ್ ಮಾಡಿದಿರಾ?" ಮತ್ತೊಂದು. "ಕೇಳಿದ್ದಕ್ಕೆ ಉತ್ತರ ಕೊಡಿ." ಆಮೇಲೆ ಸ್ವಲ್ಪ ಖಾರವಾಗಿ, "ನೀವು ಯಾವ ವಿಭಾಗದವರು?"

ನಾನೇ ಫೋನ್ ಮಾಡಿ ಹೇಳಿದೆ: "ಸರ್, ಇದು ಒಳಗೆ ಬರುವ ದಾರಿ ಮಾತ್ರ. ಕಳಿಸಿದವನಿಗೆ ಸ್ಲ್ಯಾಕ್‌ನಿಂದ ok ಅಂತ ಬರುತ್ತದೆ, ಅಷ್ಟೇ. ನೀವು ಬರೆದದ್ದು ಆ ಸ್ಕ್ರಿಪ್ಟಿಗೆ ಹೋಗುವುದೇ ಇಲ್ಲ."

"ಆದರೂ ಒಬ್ಬರು ಹೇಳುವಾಗ ಸುಮ್ನೆ ಇರೋದು ಸರಿಯಲ್ಲ ಅಲ್ವಾ?"

ಮೊದಲು ವಾಚ್‌ಮನ್ ಫೋನ್ ಮಾಡುತ್ತಿದ್ದ. ಕರೆಂಟ್ ಹೋದ ಸುದ್ದಿ ಹೇಳಿ, ಊಟ ಆಯಿತಾ ಎಂದೂ ಕೇಳುತ್ತಿದ್ದ.

ಇವತ್ತು ಬೆಳಿಗ್ಗೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿ ಮಾಡಿಸಿದೆ. ಬ್ಯಾಟರಿಗೆ ಬಂದ ಹೊತ್ತನ್ನು ಸ್ಕ್ರಿಪ್ಟ್ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಐದು ನಿಮಿಷ ಕಳೆದರೂ ಕರೆಂಟ್ ಬರದಿದ್ದರೆ ಒಂದು ಸಲ ಹೇಳುತ್ತದೆ, ಹೇಳಿದ್ದನ್ನೂ ಅಲ್ಲೇ ಗುರುತು ಹಾಕುತ್ತದೆ. ಬಂದ ಮೇಲೆ ಇನ್ನೊಂದು ಸಲ ಹೇಳಿ ಫೈಲ್ ಅಳಿಸುತ್ತದೆ. ಗುಡುಗು ಬಂದಾಗ ಕಣ್ಣು ಮಿಟುಕಿಸುವ ಕರೆಂಟಿಗೆ ಈ ಐದು ನಿಮಿಷ ಬೇಕೇ ಬೇಕು, ಇಲ್ಲದಿದ್ದರೆ ಹೋಯಿತು, ಬಂತು, ಹೋಯಿತು ಎಂದು ಜಪ ಮಾಡುತ್ತದೆ. <!channel> ಬ್ಯಾಟರಿ 20% ಗಿಂತ ಕೆಳಗಿಳಿದರೆ ಮಾತ್ರ. ನಿನ್ನೆಯ ರಾಶಿ ಹಾಗೇ ಇದೆ, ವೆಬ್‌ಹುಕ್‌ನಿಂದ ಹಾಕಿದ್ದನ್ನು ವೆಬ್‌ಹುಕ್‌ನಿಂದಲೇ ಅಳಿಸಲು ಬರುವುದಿಲ್ಲ.

ಸಂಜೆ ಮತ್ತೆ ಕರೆಂಟ್ ಹೋಯಿತು. ಚಾನೆಲ್‌ನಲ್ಲಿ ಒಂದೇ ಸಂದೇಶ. ಆಮೇಲೆ ಪೂರ್ತಿ ಮೌನ. ಸ್ವಲ್ಪ ಹೊತ್ತಿಗೆ ಹಿರಿಯರು ಬರೆದರು: "ಏನು, ಇವತ್ತು ಅವರಿಗೆ ಹುಷಾರಿಲ್ವಾ?"