ಪಾರ್ಸೆಲ್‌ನ ಹಣೆಬರಹ

ಹಣೆಬರಹ ಯಾರಿಗೂ ಓದಲು ಬರದು ಎನ್ನುವುದು ಮನುಷ್ಯರ ಮಟ್ಟಿಗೆ ಸರಿ. ಪಾರ್ಸೆಲ್‌ಗಾದರೆ ಅದನ್ನು ಅಚ್ಚು ಹಾಕಿಸಿ ನೆತ್ತಿಗೇ ಅಂಟಿಸಿರುತ್ತಾರೆ. ಆದರೂ ಲೇಬಲ್‌ನ ಫೋಟೊ ಮುಂದಿಟ್ಟುಕೊಂಡು ಕಳಿಸಿದವರು ಯಾರು, ಹೋಗುವುದೆಲ್ಲಿಗೆ, ತೂಕವೆಷ್ಟು, ಎಚ್ಚರಿಕೆಯ ಗುರುತುಗಳೇನು ಎಂದು ಪಟ್ಟಿ ಮಾಡಲು ಕೂತವರು ಎಡವುತ್ತಲೇ ಇರುತ್ತಾರೆ. ಲೇಬಲ್ ಒಂದೇ ಆದರೂ ಅದರ ಓದುಗರು ಬೇರೆ ಬೇರೆ: ಬಾರ್‌ಕೋಡ್ ಯಂತ್ರಕ್ಕೆ, ದಪ್ಪಕ್ಷರದ ವಿಳಾಸ ಬಾಗಿಲು ತಟ್ಟುವವರಿಗೆ, ತೂಕ ಲೆಕ್ಕ ಬರೆಯುವವರಿಗೆ. ಪಟ್ಟಿ ಮಾಡುವವರನ್ನು ಮಾತ್ರ ಯಾರೂ ನೆನೆದಿಲ್ಲ.

ಒಂದು ಫೋಟೊ ಹೀಗಿದೆ ಎಂದಿಟ್ಟುಕೊಳ್ಳೋಣ. ಮರುಬಳಕೆಯ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಪ್ಲಾಸ್ಟಿಕ್ ಲಕೋಟೆಯೊಳಗಿನ ಲೇಬಲ್, ಫ್ಲ್ಯಾಷ್ ಬೆಳಕು ಬಿದ್ದು ಅಲ್ಲಲ್ಲಿ ಬಿಳಿ ಮಚ್ಚೆ. ಕಳಿಸಿದವರ ಹೆಸರು ಸಾಮಾನ್ಯವಾಗಿ ಮೇಲ್ಗಡೆ ಸಣ್ಣಕ್ಷರದಲ್ಲಿರುತ್ತದೆ. ತಲುಪಬೇಕಾದ ವಿಳಾಸ ಅದಕ್ಕಿಂತ ದೊಡ್ಡದಾಗಿ, ಕೆಳಗೆ. ತಲುಪದಿದ್ದರೆ ಹಿಂತಿರುಗಿಸಬೇಕಾದ ವಿಳಾಸ ಬೇರೆ ಇದ್ದರೆ ಅದು ಯಾವುದೋ ಗೋದಾಮಿನದಾಗಿರಬಹುದು. ಅದನ್ನು ಕಳಿಸಿದವರ ಸಾಲಿಗೆ ಸೇರಿಸದೆ ಪ್ರತ್ಯೇಕವಾಗಿ ಬರೆಯಬೇಕು.

ಊರಿನ ವಿಷಯದಲ್ಲಿ ಹೆಚ್ಚು ದಾರಿ ತಪ್ಪಿಸುವುದು ಅಂತರರಾಷ್ಟ್ರೀಯ ಅಂಚೆಯ ಸಂಖ್ಯೆ. ನಮ್ಮ ಫೋಟೊದಲ್ಲಿ ಅದು CP384617257DE. ಕೊನೆಯ DE ನೋಡಿ ‘ಜರ್ಮನಿಗೆ ಹೊರಟಿದೆ’ ಎಂದು ಬರೆದರೆ ಪಾರ್ಸೆಲ್ ಕಾಗದದ ಮೇಲೆ ತವರಿಗೇ ವಾಪಸಾಯಿತು. ಆ ಎರಡಕ್ಷರ ಸಂಖ್ಯೆ ಕೊಟ್ಟ ದೇಶದ್ದು, ಸೇರುವ ದೇಶದ್ದಲ್ಲ.

ಇದೇ ಸಂಖ್ಯೆಗೆ ಇನ್ನೊಂದು ಗುಣವಿದೆ: ಅದು ತನ್ನ ತಪ್ಪನ್ನು ತಾನೇ ಹೇಳಿಕೊಡುತ್ತದೆ. ಮೊದಲ ಅಂಕಿಯ ಮೇಲೆ ಬೆಳಕು ಬಿದ್ದು ಅದು 3 ಅಥವಾ 8 ಎಂದು ಗೊತ್ತಾಗುತ್ತಿಲ್ಲ ಅನ್ನಿ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7 ರಿಂದ ಗುಣಿಸಿ ಕೂಡಬೇಕು. ಮೊತ್ತವನ್ನು 11 ರಿಂದ ಭಾಗಿಸಿ, ಉಳಿದ ಶೇಷವನ್ನು 11 ರಿಂದ ಕಳೆದರೆ ಒಂಬತ್ತನೆಯ ಅಂಕಿ ಬರಬೇಕು. (ಉತ್ತರ 10 ಬಂದರೆ 0, 11 ಬಂದರೆ 5 ಎಂದು ಹಿಡಿಯುವುದು ರೂಢಿ.) ಮೊದಲ ಅಂಕಿ 3 ಆದರೆ ಮೊತ್ತ 191, ಶೇಷ 4, ಉತ್ತರ 7. ಲೇಬಲ್‌ನಲ್ಲಿರುವುದೂ 7. ಅದೇ 8 ಎಂದುಕೊಂಡರೆ ಮೊತ್ತ 231, ಶೇಷ ಸೊನ್ನೆ, ಉತ್ತರ 5. ಕೂಡಲಿಲ್ಲ, ಆದ್ದರಿಂದ ಮಚ್ಚೆಯಡಿಯಲ್ಲಿರುವುದು 3. ಮನೆ ಸಂಖ್ಯೆಗಾಗಲಿ ತೂಕಕ್ಕಾಗಲಿ ಇಂಥ ಕಾವಲುಗಾರನಿಲ್ಲ. ಅಲ್ಲಿ ಕಾಣದ ಅಂಕಿಯನ್ನು ಊಹಿಸದೆ ‘ಓದಲಾಗದು’ ಎಂದೇ ಬರೆಯುವುದು ಮರ್ಯಾದೆ.

ಇನ್ನು ತೂಕ. ಲೇಬಲ್‌ನಲ್ಲಿ ‘2,450 ಕೆ.ಜಿ.’ ಎಂದಿದೆ. ಎರಡೂವರೆ ಟನ್ ಸಾಮಾನನ್ನು ಒಬ್ಬರೇ ಹೊತ್ತು ತರಲಾರರು. ಯುರೋಪಿನ ಹಲವು ದೇಶಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮವನ್ನೇ ಹಾಕುತ್ತಾರೆ. ಅಲ್ಲಿಗೆ ಇದು 2.45 ಕೆ.ಜಿ. ಪಕ್ಕದಲ್ಲಿ 6 ಕೆ.ಜಿ. ಎಂಬ ಇನ್ನೊಂದು ಅಂಕಿಯೂ ಇದೆ. ತಕ್ಕಡಿ ಸುಳ್ಳಾಡಿಲ್ಲ. ಪೆಟ್ಟಿಗೆಯ ಅಳತೆ 40, 30, 25 ಸೆಂ.ಮೀ.; ಗುಣಿಸಿದರೆ 30,000; ಅದನ್ನು 5,000 ದಿಂದ ಭಾಗಿಸಿದರೆ 6. ಹಗುರವಾಗಿದ್ದೂ ಜಾಗ ತಿನ್ನುವ ಸಾಮಾನಿಗೆ ಕೊರಿಯರ್‌ನವರು ಹೀಗೆ ಗಾತ್ರ ನೋಡಿ ಹಣ ಹಾಕುತ್ತಾರೆ. (ಭಾಜಕ ಎಲ್ಲರಲ್ಲೂ 5,000 ಅಲ್ಲ.) ಪಟ್ಟಿಯಲ್ಲಿ ಎರಡನ್ನೂ ಬರೆದು, ಯಾವುದು ತೂಗಿದ್ದು, ಯಾವುದು ಲೆಕ್ಕ ಹಾಕಿದ್ದು ಎಂದು ಹೇಳಿಬಿಟ್ಟರೆ ತಂಟೆಯಿಲ್ಲ.

ಮೂರನೆಯದೊಂದು ಕೆ.ಜಿ. ಪೆಟ್ಟಿಗೆಯ ಬದಿಯಲ್ಲಿ ಕೂತಿದೆ: ಚೌಕದ ಮೇಲೆ ಒತ್ತುವ ಬಾಣ, ಜೊತೆಗೆ 20 ಕೆ.ಜಿ. ಇದು ಒಳಗಿರುವುದರ ತೂಕವಲ್ಲ, ಮೇಲೆ ಹೇರಬಹುದಾದ ಭಾರದ ಮಿತಿ. ಹಾಗಾಗಿ ಅದರ ಜಾಗ ಎಚ್ಚರಿಕೆಯ ಗುರುತುಗಳ ಸಾಲಿನಲ್ಲಿ.

ಆ ಸಾಲಿನ ಉಳಿದ ಚಿತ್ರಗಳು ಹೆಚ್ಚು ಸಂಕೋಚವಿಲ್ಲದವು. ಕಾಲಿರುವ ಗಾಜಿನ ಲೋಟ ಎಂದರೆ ಒಡೆಯುವ ಸಾಮಾನು, ಕೊಡೆ ಎಂದರೆ ನೀರು ತಾಗಬಾರದು, ಜೋಡಿ ಬಾಣ ಎಂದರೆ ಈ ಕಡೆ ಮೇಲಕ್ಕೆ. ಐಎಸ್‌ಒ 780 ಎಂಬ ಅಂತರರಾಷ್ಟ್ರೀಯ ಮಾನದಂಡ ಇವನ್ನು ಎಲ್ಲ ಭಾಷೆಯವರಿಗೂ ಒಂದೇ ಮಾಡಿದೆ. ನಮ್ಮ ಫೋಟೊದಲ್ಲಿ ಪೆಟ್ಟಿಗೆಯ ಮೇಲಿನ ಬಾಣಗಳು ಎಡಕ್ಕೆ ಮುಖ ಮಾಡಿವೆ. ಎಡಕ್ಕೆ ಎಂಬ ಸೂಚನೆ ಆ ಮಾನದಂಡದಲ್ಲಿಲ್ಲ. ಲೇಬಲ್‌ನ ಅಕ್ಷರಗಳೂ ಅದೇ ದಿಕ್ಕಿಗೆ ಒರಗಿದ್ದರೆ ತಿರುಗಿದ್ದು ಫೋನೋ ಪೆಟ್ಟಿಗೆಯೋ. ಅಕ್ಷರ ನೇರವಾಗಿದ್ದು ಬಾಣ ಮಾತ್ರ ಮಲಗಿದ್ದರೆ ಲೇಬಲನ್ನೇ ಅಡ್ಡ ಅಂಟಿಸಿದ್ದಾರೆ. ಎರಡನೆಯದಾದರೆ ಅದನ್ನೂ ಬರೆದಿಡಬೇಕು, ಏಕೆಂದರೆ ವಿಳಾಸ ಓದಲು ಅನುಕೂಲವಾಗುವಂತೆ ಪೆಟ್ಟಿಗೆಯನ್ನು ಮಲಗಿಸುವವರೇ ಹೆಚ್ಚು.

ಕೊನೆಗೆ ಆ ಲೋಟ. ಅದು ಲೇಬಲ್‌ನಲ್ಲಿಲ್ಲ, ರಟ್ಟಿನ ಮೇಲೆಯೇ ಅಚ್ಚಾಗಿದೆ, ಅರ್ಧಭಾಗ ಹಳೆಯ ಟೇಪಿನಡಿಯಲ್ಲಿದೆ. ಪೆಟ್ಟಿಗೆಯ ಹಿಂದಿನ ಜನ್ಮದ್ದಿರಬಹುದು. ಈಗ ಒಳಗೆ ಬರೀ ಬಟ್ಟೆಯಿದ್ದೀತು. ಆದರೂ ‘ಒಡೆಯುವ ಸಾಮಾನು, ಪೆಟ್ಟಿಗೆಯ ಮೇಲಿನ ಗುರುತು, ಲೇಬಲ್‌ನಲ್ಲಿಲ್ಲ’ ಎಂದು ಬರೆಯಬೇಕು.