ಹಾಡಿನ ಮೊದಲ ಸಾಲು ಕಡ್ಡಾಯ

ನನ್ನ ಅಕ್ಕನ ಮಗಳು ಸಿನಿಮಾ ಓದುತ್ತಿದ್ದಾಳೆ. ನಮ್ಮ ಕಾಲದಲ್ಲಿ ಓದು ಬಿಟ್ಟು ಸಿನಿಮಾಕ್ಕೆ ಹೋದರೆ ಬೆನ್ನಿಗೆ ಬೀಳುತ್ತಿತ್ತು. ಈಗ ಸಿನಿಮಾ ನೋಡದೇ ಇದ್ದರೆ ಹಾಜರಿ ಕಮ್ಮಿ ಆಗುತ್ತದಂತೆ. ಇರಲಿ.

ಅವಳ ಕಣ್ಣು 1963ರ ಒಂದು ಕಪ್ಪು ಬಿಳುಪು ಕನ್ನಡ ಚಿತ್ರದ ಮೇಲೆ ಬಿದ್ದಿತ್ತು. ಇಡೀ ಚಿತ್ರವೂ ಬೇಡ, ಒಂದೇ ಒಂದು ದೃಶ್ಯ. ಮಳೆ ಸುರಿಯುತ್ತಿದೆ. ಮನೆ ಬಿಟ್ಟು ಹೋಗಿದ್ದ ಮಗ ವಾಪಸ್ ಬಂದು ಜಗುಲಿಯ ಕೆಳಗೆ ನಿಂತಿದ್ದಾನೆ. ತಾಯಿ ಒಳಗಿನಿಂದ ಬಂದು ಅವನನ್ನೇ ನೋಡುತ್ತಾಳೆ. ಬೈಯುವುದಿಲ್ಲ, ಅಳುವುದಿಲ್ಲ. ಒಂದು ತಂಬಿಗೆ ನೀರು ತಂದಿಟ್ಟು "ಕಾಲು ತೊಳ್ಕೋ" ಅನ್ನುತ್ತಾಳೆ. ಇಡೀ ದೃಶ್ಯಕ್ಕೆ ಇದೊಂದೇ ಮಾತು. ಮಿಕ್ಕಿದ್ದೆಲ್ಲ ಒಂದು ವೀಣೆ, ಅದರ ಕೆಳಗೆ ಒಂದು ಚೆಲ್ಲೊ.

ಆ ವೀಣೆ ಇವಳ ತಲೆ ಹೊಕ್ಕಿತು. ಒಂದು ಸಿನಿಮಾ ಸಂಗ್ರಹಾಲಯಕ್ಕೆ ಇಮೇಲ್ ಬರೆದಳು. ಯಾವ ಸಂಗ್ರಹಾಲಯ ಅಂತ ಕೇಳಬೇಡಿ, ನಾಳೆ ಅವಳು ಅಲ್ಲೇ ಕೆಲಸಕ್ಕೆ ಅರ್ಜಿ ಹಾಕಬೇಕಾಗಬಹುದು. ಕಳಿಸುವ ಮೊದಲು ನನಗೆ ತೋರಿಸಿದ್ದರೆ ಚೆನ್ನಾಗಿತ್ತು. ಕಳಿಸಿದ ಮೇಲೆ ತೋರಿಸಿದಳು.

"ಮಾನ್ಯರೇ, ಈ ಚಿತ್ರದ 1 ಗಂಟೆ 12ನೇ ನಿಮಿಷದಲ್ಲಿ ಬರುವ ಮಳೆ ದೃಶ್ಯದ ಹಿನ್ನೆಲೆ ಸಂಗೀತವನ್ನು ಮಾತ್ರ, ಮಾತು ಮತ್ತು ಮಳೆ ಶಬ್ದ ಇಲ್ಲದೆ, ಒಂದೊಂದು ವಾದ್ಯದ ಟ್ರ್ಯಾಕ್ ಬೇರೆ ಬೇರೆಯಾಗಿ, ಸ್ಟೀರಿಯೋದಲ್ಲಿ, ಉತ್ತಮ ಗುಣಮಟ್ಟದಲ್ಲಿ ಈ ಶುಕ್ರವಾರದ ಒಳಗೆ ಕಳುಹಿಸಿಕೊಡಬೇಕಾಗಿ ವಿನಂತಿ."

ನಾನು ಎಂಬತ್ತರ ದಶಕದಲ್ಲಿ ಮದ್ರಾಸಿನ ಒಂದು ರೆಕಾರ್ಡಿಂಗ್ ಥಿಯೇಟರಿನಲ್ಲಿ ಕೇಬಲ್ ಸುತ್ತಿದವನು. ಓದಿ ನಗು ತಡೆಯಲಾಗಲಿಲ್ಲ. "ಯಾಕೆ ಮಾಮ, ತಪ್ಪಿದೆಯಾ?" ಅಂದಳು. ತಪ್ಪೇನಿಲ್ಲ ಮಗಳೇ, ಕುದ್ದ ಸಾರಿನಿಂದ ಇಂಗು ಬೇರೆ, ಬೆಲ್ಲ ಬೇರೆ ಮಾಡಿ, ತೊಳೆದು, ಶುಕ್ರವಾರಕ್ಕೆ ಕೊಡಿ ಅಂದಿದ್ದೀಯ, ಅಷ್ಟೇ ಅಂದೆ.

ಆಗ ಕೆಲಸ ನಡೆಯುತ್ತಿದ್ದದ್ದು ಹೀಗೆ. ಪರದೆ ಮೇಲೆ ದೃಶ್ಯ ಓಡುತ್ತದೆ. ಕೆಳಗೆ ವಾದ್ಯದವರು ಕೂತಿರುತ್ತಾರೆ. ಸಂಗೀತ ನಿರ್ದೇಶಕರ ಕೈಯಲ್ಲಿ ಸ್ಟಾಪ್‌ವಾಚ್. ತಾಯಿ ಬಾಗಿಲಿಗೆ ಬರೋದು ಎಷ್ಟನೇ ಸೆಕೆಂಡಿಗೆ, ತಂಬಿಗೆ ಇಡೋದು ಎಷ್ಟನೇ ಸೆಕೆಂಡಿಗೆ ಅಂತ ಗುರುತು ಹಾಕಿಕೊಂಡು, ಅಲ್ಲೇ ಸ್ವರ ಹೇಳಿ, ಎರಡು ಸಲ ನುಡಿಸಿ ನೋಡಿ, ಮೂರನೇ ಸಲಕ್ಕೆ ಟೇಕ್. ಇದಕ್ಕೆ ನಮ್ಮವರು ಇಟ್ಟ ಹೆಸರು ರೀರೆಕಾರ್ಡಿಂಗ್, ಬಾಯಲ್ಲಿ ಬರೀ ಆರ್‌ಆರ್. ವೀಣೆಗೂ ಚೆಲ್ಲೊಗೂ ಬೇರೆ ಬೇರೆ ಟ್ರ್ಯಾಕ್ ಅನ್ನೋ ಮಾತೇ ಇಲ್ಲ. ಎಲ್ಲರೂ ಒಟ್ಟಿಗೆ ನುಡಿಸಬೇಕು, ಎಲ್ಲವೂ ಒಂದೇ ಟ್ರ್ಯಾಕಿಗೆ ಬೀಳಬೇಕು. ಒಬ್ಬ ಕೆಮ್ಮಿದರೆ ಎಲ್ಲರೂ ಮತ್ತೆ ಮೊದಲಿಂದ.

ಹೀಗೆ ಸಂಗೀತ ಒಂದು ಮ್ಯಾಗ್ನೆಟಿಕ್ ಟೇಪಿನಲ್ಲಿ, ಮಾತು ಇನ್ನೊಂದರಲ್ಲಿ, ಮಳೆ, ಬಾಗಿಲು, ತಂಬಿಗೆ ಸದ್ದು ಮಗದೊಂದರಲ್ಲಿ. ಮೂರನ್ನೂ ಒಟ್ಟಿಗೆ ಓಡಿಸಿ ಮಿಕ್ಸ್ ಮಾಡುತ್ತಾರೆ. "ಕಾಲು ತೊಳ್ಕೋ" ಬಂದಾಗ ಮಿಕ್ಸಿಂಗ್ ಎಂಜಿನಿಯರ್ ಕೈಯಿಂದ ವೀಣೆಯನ್ನು ಕೆಳಗಿಳಿಸುತ್ತಾರೆ, ಮಾತು ಮುಗಿದ ಮೇಲೆ ಮೇಲೆತ್ತುತ್ತಾರೆ. ಆ ಮಿಶ್ರಣವನ್ನು ಬೆಳಕಾಗಿ ಬದಲಿಸಿ ಸೌಂಡ್ ನೆಗೆಟಿವ್ ಅನ್ನೋ ಫಿಲ್ಮಿನ ಮೇಲೆ ಒಂದು ಸಣ್ಣ ಗೆರೆಯಾಗಿ ಬರೆಯುತ್ತಾರೆ. ಥಿಯೇಟರಿಗೆ ಹೋಗುವ ಪ್ರಿಂಟಿನ ಅಂಚಿನಲ್ಲಿ ಚಿತ್ರದ ಪಕ್ಕ ಹಲ್ಲುಹಲ್ಲಾಗಿ ಕಾಣುತ್ತದಲ್ಲ, ಆ ಗೆರೆಯೇ ಇದು. ತಾಯಿಯ ಮಾತು, ಮಳೆ, ವೀಣೆ ಎಲ್ಲ ಸೇರಿ ಒಂದೇ ಗೆರೆ.

ಆ ಮೂರು ಟೇಪ್ ಏನಾದವು? ಮ್ಯಾಗ್ನೆಟಿಕ್ ಅಂದರೆ ಆಮದು ಸರಕು, ದುಡ್ಡಿನ ಬಾಬ್ತು. ಚಿತ್ರ ಬಿಡುಗಡೆಯಾದ ಮೇಲೆ ಅಳಿಸಿ ಮುಂದಿನ ಚಿತ್ರಕ್ಕೆ ಬಳಸುತ್ತಿದ್ದರು. ನಿನ್ನ ವೀಣೆಯ ಮೇಲೆ ಯಾವುದೋ ಚಿತ್ರದ ಖಳನಾಯಕನ ಅಟ್ಟಹಾಸ ಕೂತಿರಬಹುದು ಅಂದೆ. ಚಿತ್ರವನ್ನು ಬೇರೆ ಭಾಷೆಗೆ ಡಬ್ ಮಾಡುವ ಇರಾದೆ ಇದ್ದರೆ ಮಾತ್ರ, ಮಾತು ಬಿಟ್ಟು ಮಿಕ್ಕ ಸಂಗೀತ ಮತ್ತು ಸದ್ದಿನ ಟ್ರ್ಯಾಕನ್ನು ಜೋಪಾನ ಮಾಡುತ್ತಿದ್ದರು. ಅಳಿಸದೆ ಉಳಿದ ಟೇಪಿಗೂ ನೆಮ್ಮದಿ ಇಲ್ಲ. ಅಸಿಟೇಟ್ ಟೇಪ್ ಸೆಕೆಯಲ್ಲಿ ಕೊಳೆತರೆ ಡಬ್ಬಿ ತೆಗೆದ ಕೂಡಲೇ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮುಂದೆ ಅದು ಕುಗ್ಗಿ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಸಂಗ್ರಹಾಲಯದ ಉತ್ತರ ಬಂತು. ಹನ್ನೊಂದನೇ ದಿನಕ್ಕೆ. ಅದರಲ್ಲಿ ಇಷ್ಟೇ ಇತ್ತು: "ಲಗತ್ತಿಸಿರುವ ನಮೂನೆಯನ್ನು ಭರ್ತಿ ಮಾಡಿ ಕಳುಹಿಸತಕ್ಕದ್ದು."

ನಮೂನೆಯಲ್ಲಿ ನಾಲ್ಕು ಕಡ್ಡಾಯ ಕಾಲಂ. ಚಿತ್ರದ ಹೆಸರು. ಹಾಡಿನ ಮೊದಲ ಸಾಲು. ಗಾಯಕರು. ಗೀತರಚನೆಕಾರರು. ಪಕ್ಕದಲ್ಲಿ ಕೆಂಪು ನಕ್ಷತ್ರ. ಯಾವುದನ್ನು ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುವುದಿಲ್ಲ.

ಅವಳು ಪಾಪ, ಮತ್ತೆ ಬರೆದಳು: ಇದು ಹಾಡಲ್ಲ, ಹಿನ್ನೆಲೆ ಸಂಗೀತ. ಅವರು ಮತ್ತೆ ಬರೆದರು: ಹಿನ್ನೆಲೆ ಗಾಯಕರ ಹೆಸರು ತಿಳಿಸಿ. ಇವಳು: ಗಾಯಕರಿಲ್ಲ, ವೀಣೆ ಇದೆ. ಅವರು: ಹಾಗಾದರೆ ಅದು ವಾದ್ಯ ಸಂಗೀತ, ಆಕಾಶವಾಣಿಯನ್ನು ಸಂಪರ್ಕಿಸತಕ್ಕದ್ದು. ನಿಜ ಹೇಳಬೇಕೆಂದರೆ ಅವರದ್ದೂ ಪೂರ್ತಿ ತಪ್ಪಲ್ಲ. ಗ್ರಾಮಫೋನ್ ಪ್ಲೇಟಿಗೆ ಹೋದದ್ದು ಹಾಡು, ಹಾಡಿನ ಪುಸ್ತಕದಲ್ಲಿ ಅಚ್ಚಾದದ್ದು ಹಾಡು, ರೇಡಿಯೋದಲ್ಲಿ ಬಂದದ್ದು ಹಾಡು. ಹಿನ್ನೆಲೆ ಸಂಗೀತಕ್ಕೆ ಹೆಸರಿಲ್ಲ, ಸಾಲಿಲ್ಲ. ಹೆಸರಿಲ್ಲದ್ದಕ್ಕೆ ರಿಜಿಸ್ಟರಿನಲ್ಲಿ ಜಾಗ ಎಲ್ಲಿ?

ಕೊನೆಗೆ ರೇಗಿ, ಹಾಡಿನ ಮೊದಲ ಸಾಲು ಅನ್ನುವಲ್ಲಿ "ಕಾಲು ತೊಳ್ಕೋ" ಅಂತ ತುಂಬಿದಳು. ಗಾಯಕರು: ತಾಯಿ ಪಾತ್ರಧಾರಿ. ಗೀತರಚನೆಕಾರರು: ಸಂಭಾಷಣೆ ಬರೆದವರು. ಅರ್ಜಿ ತಕ್ಷಣ ಸ್ವೀಕಾರವಾಯಿತು! ನೋಂದಣಿ ಸಂಖ್ಯೆಯೂ ಬಂತು.

ಮುಂದಿನ ಪ್ರಶ್ನೆ, ರೀಲ್ ಎಷ್ಟನೆಯದು? ಇದು ನ್ಯಾಯವಾದ ಪ್ರಶ್ನೆ. ಡಬ್ಬಿಗಳಲ್ಲಿ ಗಂಟೆ ನಿಮಿಷ ಇರುವುದಿಲ್ಲ, ಅಡಿ ಇರುತ್ತದೆ. ಮಾಮ ಇದಕ್ಕೆ ಬೇಕಾದ. ಅವಳು ನೋಡಿದ್ದು ಟಿವಿಯಿಂದ ಇಳಿಸಿದ ವಿಡಿಯೋ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ಹಳೇ ಟಿವಿ ವ್ಯವಸ್ಥೆ 25. ಟಿವಿಗೆ ಹಾಕುವಾಗ 24ನ್ನು 25ರ ವೇಗದಲ್ಲಿ ಓಡಿಸಿಬಿಡುತ್ತಿದ್ದರು. ಹಾಗಾಗಿ ಟಿವಿಯ 72 ನಿಮಿಷ ಅಂದರೆ ಸಿನಿಮಾದ 75 ನಿಮಿಷ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 75 ಸಲ 90, ಅಂದರೆ 6,750 ಅಡಿ. ಒಂದು ರೀಲಿಗೆ ಹೆಚ್ಚೆಂದರೆ 1,000 ಅಡಿ, ಆದ್ದರಿಂದ ಏಳನೇ ರೀಲು. ಆದರೆ ರೀಲನ್ನು ಯಾರೂ ಕಂಠಪೂರ್ತಿ ತುಂಬುವುದಿಲ್ಲ, ದೃಶ್ಯ ಮುಗಿದಲ್ಲಿ ಕತ್ತರಿಸುತ್ತಾರೆ. ಹಾಗಾಗಿ ಎಂಟನೆಯದೂ ಇರಬಹುದು. ಟಿವಿಯವರು ಜಾಹೀರಾತಿಗೆ ಜಾಗ ಮಾಡಲು ಮೊದಲೇ ಎರಡು ಹಾಡು ನುಂಗಿದ್ದರೆ ಒಂಬತ್ತನೆಯದೂ ಆದೀತು.

ಈ ಲೆಕ್ಕ ಕೇಳಿ ಅವಳು ಹಣೆ ಚಚ್ಚಿಕೊಂಡಳು. ಲೆಕ್ಕಕ್ಕಲ್ಲ. ಆ ವೀಣೆಯ ಶ್ರುತಿ ಹಾರ್ಮೋನಿಯಂನ ಮೂರನೇ ಮನೆಗೂ ನಾಲ್ಕನೇ ಮನೆಗೂ ಮಧ್ಯೆ ಎಲ್ಲೋ ತೂಗಾಡುತ್ತಿದೆ, ಸಂಗೀತ ನಿರ್ದೇಶಕರು ಬೇಕಂತಲೇ ತಾಯಿಯ ಮನಸ್ಸಿನ ಡೋಲಾಯಮಾನ ತೋರಿಸಿದ್ದಾರೆ ಅಂತ ಪ್ರಾಜೆಕ್ಟಿನಲ್ಲಿ ಆರು ಪುಟ ಬರೆದಿದ್ದಳಂತೆ. ಅದು ಡೋಲಾಯಮಾನ ಅಲ್ಲ ಕಣೇ, ಟಿವಿ. ವೇಗ ನೂರಕ್ಕೆ ನಾಲ್ಕು ಜಾಸ್ತಿಯಾದರೆ ಶ್ರುತಿಯೂ ಏರುತ್ತದೆ, ಹತ್ತಿರ ಹತ್ತಿರ ಮುಕ್ಕಾಲು ಮನೆಯಷ್ಟು. ವಿಡಿಯೋ ವೇಗವನ್ನು 24ಕ್ಕೆ ಇಳಿಸಿ ಕೇಳಿಸಿದೆ. ವೀಣೆ ಸೀದಾ ಹೋಗಿ ಮೂರನೇ ಮನೆಯಲ್ಲಿ ಕೂತಿತು. 125 ಸೆಕೆಂಡಿನ ದೃಶ್ಯ 130 ಆಯಿತು. ಆರು ಪುಟ ಹೋಯಿತು.

ಈ ಸಲ ಪತ್ರ ನಾನೇ ಹೇಳಿ ಬರೆಸಿದೆ. ಏಳು ಮತ್ತು ಎಂಟನೇ ರೀಲು ನೋಡಿ. ಪ್ರಿಂಟಿಗಿಂತ ಮೊದಲು ಸೌಂಡ್ ನೆಗೆಟಿವ್ ಇದೆಯಾ ನೋಡಿ, ಏಕೆಂದರೆ ಪ್ರಿಂಟು ಊರೂರು ತಿರುಗಿ ಗೀಚಿಸಿಕೊಂಡಿರುತ್ತದೆ, ಆ ಗೆರೆಯ ಮೇಲಿನ ಒಂದೊಂದು ಗೀಚೂ ಕಿವಿಗೆ ಚಟಪಟ. ಪ್ರಿಂಟೇ ಗತಿಯಾದರೆ ದೃಶ್ಯದ ಆಚೆ ಈಚೆ ಹತ್ತು ಸೆಕೆಂಡು ಜಾಸ್ತಿ ಸೇರಿಸಿ ನಕಲು ಮಾಡಿ. ಪ್ರಿಂಟಿನಲ್ಲಿ ಸದ್ದು ಅದರ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದೆ ಇರುತ್ತದೆ. ಚಿತ್ರ ನೋಡಿಕೊಂಡು ಕತ್ತರಿಸಿದರೆ ಸಂಗೀತದ ಮೊದಲ ಮೀಟು ಹಿಂದಿನ ದೃಶ್ಯದ ಜೊತೆ ಹೋಗಿಬಿಡುತ್ತದೆ.

ಉತ್ತರ ಬಂತು. "ಏಳನೇ ರೀಲು ಲಭ್ಯವಿದೆ. ಎಂಟನೇ ರೀಲು ಇದೆ ಎಂದು ದಾಖಲೆ ಇದೆ. ದೃಶ್ಯ ಯಾವುದರಲ್ಲಿದೆ ಎಂಬುದನ್ನು ಅರ್ಜಿದಾರರೇ ಖುದ್ದು ಬಂದು ನೋಡಿ ತಿಳಿಸತಕ್ಕದ್ದು. ನೋಡುವ ಯಂತ್ರ ದುರಸ್ತಿಯಲ್ಲಿದೆ. ಅಲ್ಲದೆ ನಿರ್ಮಾಪಕರಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು."

ನಿರ್ಮಾಪಕರು ತೀರಿಕೊಂಡು ಯಾವ ಕಾಲವಾಯಿತೋ. ಕಾನೂನಿನ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1963ರ ಚಿತ್ರದ್ದು 2023ರ ಕೊನೆಗೆ ಮುಗಿದಿದೆ. ಸಂಗೀತ ಕಟ್ಟಿದವರ ಹಕ್ಕಿನ ಲೆಕ್ಕ ಬೇರೆ, ಅದು ಅವರು ತೀರಿದ ಮೇಲೂ 60 ವರ್ಷ. ಆದರೆ ಸ್ವಂತ ಅಧ್ಯಯನಕ್ಕೆ ಮಿತವಾಗಿ ಬಳಸಲು ಅದೇ ಕಾನೂನಿನ 52ನೇ ಕಲಂ ಅವಕಾಶ ಕೊಡುತ್ತದೆ. ಇದನ್ನೆಲ್ಲ ಬರೆದೆವು. "ಹಕ್ಕು ಮುಗಿದಿದೆ ಎಂದು ನಿರ್ಮಾಪಕರಿಂದಲೇ ಪತ್ರ ತಂದರೆ ಪರಿಶೀಲಿಸಲಾಗುವುದು" ಅಂತ ಬಂತು.

ಶುಕ್ರವಾರಗಳು ಬಹಳ ಕಳೆದಿದ್ದವು. ಅವಳು ಬೇರೆ ದಾರಿ ಹಿಡಿದಳು. ವೇಗ ಇಳಿಸಿದ ವಿಡಿಯೋದಲ್ಲಿ ಮಾತು ಮುಗಿದ ಮೇಲೆ 31 ಸೆಕೆಂಡು ವೀಣೆ, ಚೆಲ್ಲೊ ಮತ್ತು ಮಳೆ ಮಾತ್ರ. ಅದನ್ನು ನೂರು ಸಲ ಕೇಳಿ ಸ್ವರ ಬರೆದುಕೊಂಡಳು. ಮಾತಿನ ಅಡಿ ಮುಳುಗಿದ ಭಾಗ ಮಾತ್ರ ಸಿಗಲಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟು "ಇಲ್ಲಿ ತಾಯಿ ಮಾತಾಡುತ್ತಾಳೆ" ಅಂತ ಬರೆದಳು. ನನಗೆ ಅದು ಇಷ್ಟವಾಯಿತು. ಆರು ಪುಟಕ್ಕಿಂತ ಎಷ್ಟೋ ವಾಸಿ.

ಮೊನ್ನೆ ಫೋನ್ ಮಾಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಸಂಗ್ರಹಾಲಯದವರು ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿದ್ದಾರಂತೆ. 1963ರ ಚಿತ್ರದ "ಕಾಲು ತೊಳ್ಕೋ" ಎಂಬ ಅಪರೂಪದ ಗೀತೆ ಕಳೆದುಹೋಗಿದ್ದು, ಅದರ ಧ್ವನಿಮುದ್ರಿಕೆ ಅಥವಾ ಪೂರ್ಣ ಸಾಹಿತ್ಯ ಯಾರಲ್ಲಾದರೂ ಇದ್ದರೆ ತಿಳಿಸಬೇಕಂತೆ. ಈಗಾಗಲೇ ಮೂವರು ಬರೆದಿದ್ದಾರಂತೆ. ಅದರಲ್ಲಿ ಒಬ್ಬರಿಗೆ ಎರಡನೇ ಚರಣವೂ ಬಾಯಿಪಾಠವಂತೆ.